ಒಂದೇ ಟೊಮ್ಯಾಟೊ ಎಲೆಯಲ್ಲಿ ಎರಡು ರೋಗ: ಬಹು-ಲೇಬಲ್ ವರ್ಗೀಕರಣ ಮತ್ತು ಪ್ರತಿ ರೋಗಕ್ಕೂ ಪ್ರತ್ಯೇಕ ಮಿತಿ

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಟೊಮ್ಯಾಟೊ ಎಲೆಯನ್ನೇ ಆರಿಸಿಕೊಳ್ಳುವುದು ಸಹಜ. ತೋಟ ಮನೆಯ ಹಿಂದೆಯೇ ಇರುತ್ತದೆ, ಮೊಬೈಲ್ ಕೈಯಲ್ಲಿರುತ್ತದೆ. ಆದರೆ ಅವರು ಕಟ್ಟಿದ ಮಾದರಿಗಳು ತೋಟಕ್ಕೆ ಹೋದೊಡನೆ ಒಂದೇ ಬಗೆಯಲ್ಲಿ ಎಡವುತ್ತವೆ. ರಂಗೋಲಿ ಹುಳು ಕೊರೆದ ಎಲೆಯಲ್ಲೇ ಅಂಗಮಾರಿಯೂ ಇದ್ದರೆ ಎರಡರಲ್ಲಿ ಒಂದನ್ನು ಮಾತ್ರ ಹೇಳುತ್ತವೆ. ಎರಡನ್ನೂ ಹೇಳುವಂತೆ ತಿದ್ದಿದ ಮೇಲೆ, ಅಪರೂಪದ ರೋಗವನ್ನು ಎಂದೂ ಹೇಳುವುದೇ ಇಲ್ಲ. ಮೊದಲನೆಯದು ಕೊನೆಯ ಪದರದ ತಪ್ಪು. ಎರಡನೆಯದು ‘ರೋಗವಿದೆ’ ಎನ್ನಲು ಮಾದರಿಯ ಅಂಕ ದಾಟಬೇಕಾದ ಮಿತಿಯನ್ನು ಎಲ್ಲ ರೋಗಗಳಿಗೂ 0.5 ಎಂದು ಒಂದೇ ಇಟ್ಟ ತಪ್ಪು. ಈ ಎರಡನ್ನೂ ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದು ಕೆಳಗಿದೆ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ: ಪೈಥಾನ್, ಪೈಟಾರ್ಚ್, ನಂಪೈ, ಸೈಕಿಟ್-ಲರ್ನ್, ಮತ್ತು ಲೇಬಲ್ ಬರೆಯಲು ಒಂದು ಸ್ಪ್ರೆಡ್‌ಶೀಟ್. ಚಿತ್ರ ಗುರುತಿಸುವ ಸಿದ್ಧ ಮಾದರಿಯೊಂದನ್ನು ತಂದು ಕೊನೆಯ ಪದರ ಬದಲಿಸುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

## ಹಂತ 1: ಲೇಬಲ್ ಹಾಳೆಯನ್ನು ಮೂರು ಬೆಲೆಗಳಲ್ಲಿ ತುಂಬಿಸಿ

ನಾಲ್ಕು ಕಾಲಂ ಇಡಿ: ಮುಂಚಿನ ಅಂಗಮಾರಿ, ತಡ ಅಂಗಮಾರಿ, ರಂಗೋಲಿ ಹುಳು, ಎಲೆ ಮುಟುರು ನಂಜುರೋಗ. ಪ್ರತಿ ಚಿತ್ರಕ್ಕೂ ನಾಲ್ಕು ಕಾಲಂಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಇದ್ದರೆ 1, ಇಲ್ಲವೆಂದು ಖಚಿತವಾಗಿದ್ದರೆ 0, ಗೊತ್ತಾಗದಿದ್ದರೆ ಖಾಲಿ. ‘ಆರೋಗ್ಯವಂತ’ ಎಂಬ ಐದನೆಯ ಕಾಲಂ ಬೇಡ. ನಾಲ್ಕೂ ಸೊನ್ನೆಯಾದರೆ ಎಲೆ ಈ ನಾಲ್ಕರಿಂದ ಮುಕ್ತ ಎಂದು ತಾನಾಗಿಯೇ ಗೊತ್ತಾಗುತ್ತದೆ. ಅದನ್ನು ಪ್ರತ್ಯೇಕ ಕಾಲಂ ಮಾಡಿದರೆ, ‘ಆರೋಗ್ಯವಂತ’ ಮತ್ತು ‘ಮುಟುರು ರೋಗ’ ಎರಡೂ ಇವೆ ಎಂದು ಮಾದರಿ ಒಂದು ದಿನ ಹೇಳಿಯೇ ಹೇಳುತ್ತದೆ.

ಇಡೀ ಕೆಲಸ ಹೆಚ್ಚಾಗಿ ಕೆಡುವುದು ಈ ಹಂತದಲ್ಲೇ, ಖಾಲಿ ಕೋಶವನ್ನು ಸೊನ್ನೆ ಎಂದು ಓದಿಸಿದಾಗ. ಲೇಬಲ್ ಹಾಕುವವರು ಕಣ್ಣಿಗೆ ಹೊಡೆದು ಕಾಣುವ ರೋಗವನ್ನು ಗುರುತಿಸಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ಉಳಿದ ಮೂರು ಕಾಲಂಗಳನ್ನು ಅವರು ನೋಡಿಯೇ ಇರುವುದಿಲ್ಲ. ಅವೆಲ್ಲ ಸೊನ್ನೆಯಾದರೆ, ಎದುರಿಗೇ ಕಾಣುವ ರಂಗೋಲಿಯನ್ನು ಇಲ್ಲ ಎನ್ನುವಂತೆ ನಾವೇ ಮಾದರಿಗೆ ಪಾಠ ಹೇಳಿದಂತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಮುಂಚಿನ ಅಂಗಮಾರಿ ಕೆಳಗಿನ ಹಳೆಯ ಎಲೆಗಳಲ್ಲಿ ಉಂಗುರದೊಳಗೆ ಉಂಗುರವಿರುವ ಕಂದು ಚುಕ್ಕೆಯಾಗಿ ಮೇಲ್ಭಾಗದಲ್ಲೇ ಕಾಣುತ್ತದೆ. ತಡ ಅಂಗಮಾರಿಯ ಖಚಿತ ಗುರುತು ಎಂದರೆ ತೇವವಿರುವಾಗ ಎಲೆಯ ಕೆಳಭಾಗದಲ್ಲಿ ಬರುವ ಬಿಳಿ ಬೂಸ್ಟು. ತಜ್ಞರು ಎಲೆ ಮಗುಚಿ ನೋಡಿ 1 ಬರೆದು, ಕ್ಯಾಮೆರಾ ಮೇಲ್ಭಾಗವನ್ನಷ್ಟೇ ನೋಡಿದ್ದರೆ, ಚಿತ್ರದಲ್ಲಿ ಇಲ್ಲದ್ದನ್ನು ಕಲಿಯಿರಿ ಎಂದಂತೆ. ಲೇಬಲ್‌ಗೆ ಆಧಾರವಾದ ಬದಿಯ ಚಿತ್ರವೇ ಹಾಳೆಯಲ್ಲಿ ಇರಬೇಕು.

## ಹಂತ 2: ಚಿತ್ರವಾರು ಹಂಚದೆ ತೋಟವಾರು ಹಂಚಿ

ತರಬೇತಿ, ಮೌಲ್ಯಮಾಪನ, ಅಂತಿಮ ಪರೀಕ್ಷೆ ಎಂದು ಮೂರು ಭಾಗ ಬೇಕು. ಒಂದೇ ಗಿಡದ ಐದು ಚಿತ್ರಗಳಲ್ಲಿ ಮೂರು ತರಬೇತಿಗೂ ಎರಡು ಪರೀಕ್ಷೆಗೂ ಹೋದರೆ, ಮಾದರಿ ರೋಗದ ಬದಲು ಆ ತೋಟದ ಕೆಂಪು ಮಣ್ಣು, ಊರೆಗೋಲು, ಬೆಳಕನ್ನು ಗುರುತು ಹಿಡಿಯುತ್ತದೆ. ಆದ್ದರಿಂದ ಹಾಳೆಯಲ್ಲಿ ತೋಟದ ಗುರುತಿನ ಸಂಖ್ಯೆಗೂ ಒಂದು ಕಾಲಂ ಇಟ್ಟು, ಸೈಕಿಟ್-ಲರ್ನ್‌ನ `GroupShuffleSplit`ಗೆ ಅದನ್ನು `groups` ಆಗಿ ಕೊಡಿ. ಅದು ಒಂದು ಸಲಕ್ಕೆ ಎರಡೇ ಭಾಗ ಮಾಡುವುದರಿಂದ, ಮೂರು ಭಾಗಕ್ಕೆ ಎರಡು ಸಲ ಹಂಚಿ.

ಹಂಚಿದ ಮೇಲೆ ಪ್ರತಿ ಭಾಗದಲ್ಲೂ ಪ್ರತಿ ರೋಗದ 1ಗಳು ಎಷ್ಟಿವೆ ಎಂದು ಎಣಿಸಿ. ತಡ ಅಂಗಮಾರಿ ಎರಡೇ ತೋಟಗಳಲ್ಲಿ ಸಿಕ್ಕಿ, ಎರಡೂ ತರಬೇತಿಗೆ ಹೋಗಿದ್ದರೆ ಆ ರೋಗಕ್ಕೆ ಮಿತಿಯನ್ನೇ ಆರಿಸಲಾಗದು. ಆಗ `random_state` ಬದಲಿಸಿ ಮತ್ತೆ ಹಂಚಿ. ಅದೂ ಆಗದಿದ್ದರೆ ಇನ್ನಷ್ಟು ತೋಟಗಳಿಗೆ ಹೋಗದೆ ಬೇರೆ ದಾರಿಯಿಲ್ಲ.

## ಹಂತ 3: ಸಾಫ್ಟ್‌ಮ್ಯಾಕ್ಸ್ ತೆಗೆದು ನಾಲ್ಕು ಸ್ವತಂತ್ರ ಸಿಗ್ಮಾಯ್ಡ್ ಇಡಿ

ಮಾದರಿಯ ಕೊನೆಯ ಪದರ ಪ್ರತಿ ರೋಗಕ್ಕೂ ಒಂದು ಕಚ್ಚಾ ಅಂಕ ಕೊಡುತ್ತದೆ. ಇದನ್ನು ಲಾಜಿಟ್ ಎನ್ನುತ್ತಾರೆ. ಇದು ಋಣವೂ ಆಗಬಹುದು, ಧನವೂ ಆಗಬಹುದು. ಒಂದು ಎಲೆಗೆ ಬಂದ ಲಾಜಿಟ್‌ಗಳು ಹೀಗಿವೆ ಎಂದು ಇಟ್ಟುಕೊಳ್ಳಿ: ಮುಂಚಿನ ಅಂಗಮಾರಿ 1.2, ತಡ ಅಂಗಮಾರಿ −0.9, ರಂಗೋಲಿ ಹುಳು 2.0, ಮುಟುರು ರೋಗ −3.0.

ಇವನ್ನು ಸಾಫ್ಟ್‌ಮ್ಯಾಕ್ಸ್‌ಗೆ ಹಾಕಿದರೆ ಕ್ರಮವಾಗಿ 0.30, 0.04, 0.66, 0.00 ಬರುತ್ತವೆ. ಒಟ್ಟು ಮೊತ್ತ 1 ಆಗಲೇಬೇಕಾದ್ದರಿಂದ ರಂಗೋಲಿಯ ಪಾಲು ಏರಿದಷ್ಟೂ ಅಂಗಮಾರಿಯ ಪಾಲು ಇಳಿಯುತ್ತದೆ. ಎರಡೂ ಇರುವ ಎಲೆಯಲ್ಲಿ ಎರಡೂ 0.5 ದಾಟುವುದು ಅಸಾಧ್ಯ.

ಸಿಗ್ಮಾಯ್ಡ್‌ನಲ್ಲಿ ಪ್ರತಿ ಅಂಕವನ್ನೂ ಉಳಿದವುಗಳ ಹಂಗಿಲ್ಲದೆ `1/(1+e^(-z))` ಎಂದು ಲೆಕ್ಕ ಹಾಕುತ್ತೇವೆ. ಅದೇ ಎಲೆಗೆ ಈಗ 0.77, 0.29, 0.88, 0.05 ಬರುತ್ತವೆ. ಮೊತ್ತ ಸುಮಾರು 2. ಅದರಲ್ಲಿ ತಪ್ಪೇನಿಲ್ಲ, ಏಕೆಂದರೆ ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ನಾಲ್ಕು ಉತ್ತರಗಳು. ‘ಮೊತ್ತ ಒಂದಾಗುತ್ತಿಲ್ಲ’ ಎಂದು ಗಾಬರಿಯಾಗಿ ಭಾಗಿಸಿ ಒಂದಕ್ಕೆ ತರುವವರಿದ್ದಾರೆ, ದಯವಿಟ್ಟು ಬೇಡ.

ಕೊನೆಯಲ್ಲಿ `argmax` ಎಲ್ಲಾದರೂ ಉಳಿದಿದೆಯೇ ಎಂದೂ ಹುಡುಕಿ. ಸಿಗ್ಮಾಯ್ಡ್ ಹಾಕಿದ ಮೇಲೂ ಅತಿ ದೊಡ್ಡದೊಂದನ್ನೇ ಆರಿಸುವ ಹಳೆಯ ಸಾಲು ಹಾಗೆಯೇ ಉಳಿದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

## ಹಂತ 4: ಬೈನರಿ ಕ್ರಾಸ್-ಎಂಟ್ರೊಪಿ, ಸಿಗ್ಮಾಯ್ಡ್ ಒಂದೇ ಸಲ

ಮೇಲಿನ ಎಲೆಯಲ್ಲಿ ನಿಜವಾಗಿ ಮೊದಲ ಮೂರೂ ಇವೆ, ನಾಲ್ಕನೆಯದಿಲ್ಲ ಎಂದುಕೊಳ್ಳಿ. ಇರುವ ರೋಗಕ್ಕೆ ದಂಡ `-ln(p)`, ಇಲ್ಲದ ರೋಗಕ್ಕೆ `-ln(1-p)`. ಲೆಕ್ಕ ಹಾಕಿದರೆ 0.26, 1.24, 0.13, 0.05 ಬರುತ್ತವೆ, ಸರಾಸರಿ 0.42. ದಂಡದ ಬಹುಪಾಲು ತಡ ಅಂಗಮಾರಿಯೊಂದರಿಂದಲೇ ಬಂದಿದೆ. ಮಾದರಿ ಅತಿ ಹೆಚ್ಚು ತಪ್ಪಿದ್ದು ಅಲ್ಲಿಯೇ ಆದ್ದರಿಂದ ತಿದ್ದುಪಡಿಯೂ ಅಲ್ಲಿಯೇ ಹೆಚ್ಚು ಆಗುತ್ತದೆ.

ಪೈಟಾರ್ಚ್‌ನಲ್ಲಿ ಇದಕ್ಕೆ `BCEWithLogitsLoss` ಇದೆ. ಅದು ಸಿಗ್ಮಾಯ್ಡ್ ಅನ್ನು ತನ್ನೊಳಗೇ ಮಾಡಿಕೊಳ್ಳುತ್ತದೆ. ಹಾಗಾಗಿ ಮಾದರಿಯ ಕೊನೆಯಲ್ಲಿ ಸಿಗ್ಮಾಯ್ಡ್ ಪದರ ಇರಲೇಬಾರದು. ಖಾಲಿ ಕೋಶಗಳನ್ನು ಲೆಕ್ಕದಿಂದ ಹೊರಗಿಡಬೇಕಾದ್ದರಿಂದ ನಾವು ಅದೇ ಲೆಕ್ಕದ ಫಂಕ್ಷನ್ ರೂಪವನ್ನು ಬಳಸುತ್ತೇವೆ:

```python
import torch
import torch.nn.functional as F

# logits, y: (batch, 4); y ಯ ಖಾಲಿ ಕೋಶ = nan, ಉಳಿದವು 0.0 / 1.0
known = ~torch.isnan(y)
raw = F.binary_cross_entropy_with_logits(
    logits, torch.nan_to_num(y), reduction="none")
loss = (raw * known).sum() / known.sum()
```

ಇಲ್ಲಿ `nan_to_num` ಖಾಲಿ ಕೋಶಕ್ಕೆ ತಾತ್ಕಾಲಿಕವಾಗಿ ಸೊನ್ನೆ ತುಂಬುತ್ತದೆ, ಮುಂದಿನ ಸಾಲಿನಲ್ಲಿ `known` ಆ ಕೋಶದ ದಂಡವನ್ನು ಅಳಿಸುತ್ತದೆ. ಗೊತ್ತಿಲ್ಲದ ಕಾಲಂನಿಂದ ಮಾದರಿ ಏನನ್ನೂ ಕಲಿಯುವುದಿಲ್ಲ. ಲೇಬಲ್‌ಗಳು ಪೂರ್ಣಾಂಕ ರೂಪದಲ್ಲಿ ಬಂದು ದೋಷ ಸಂದೇಶ ಕಾಣಿಸಿದರೆ `y.float()` ಎಂದು ಬದಲಿಸಿ.

ಸಿಗ್ಮಾಯ್ಡ್ ಎರಡು ಸಲ ಬಿದ್ದರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ಹಾಗಾಗಿಯೇ ಈ ತಪ್ಪು ಬಹುಕಾಲ ಬದುಕುತ್ತದೆ. ಮೊದಲ ಸಿಗ್ಮಾಯ್ಡ್ 0ರಿಂದ 1ರೊಳಗಿನ ಬೆಲೆ ಕೊಡುತ್ತದೆ. ಅದನ್ನು ಮತ್ತೆ ಸಿಗ್ಮಾಯ್ಡ್‌ಗೆ ಹಾಕಿದರೆ ಉತ್ತರ 0.5ರಿಂದ 0.73ರ ನಡುವೆಯೇ ಸಿಕ್ಕಿಬೀಳುತ್ತದೆ. ಅಂದರೆ ಇಲ್ಲದ ರೋಗಕ್ಕೆ ದಂಡ 0.69ಕ್ಕಿಂತ ಕೆಳಗೆ ಇಳಿಯಲಾರದು. ಹಾಳೆಯಲ್ಲಿ ಸೊನ್ನೆಗಳೇ ಹೆಚ್ಚು ಇರುವುದರಿಂದ ಸರಾಸರಿ ದಂಡ ಎಷ್ಟು ಸುತ್ತು ತರಬೇತಿ ಕೊಟ್ಟರೂ 0.6ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹಾಗೆ ನಿಂತಿದ್ದು ಕಂಡರೆ ಕಲಿಕೆಯ ವೇಗವನ್ನು ಬದಲಿಸಲು ಹೋಗಬೇಡಿ. ಮೊದಲು ಮಾದರಿಯ ಕೊನೆಯ ಸಾಲನ್ನು ತೆರೆದು ನೋಡಿ.

## ಹಂತ 5: ತರಬೇತಿಯ ವೇಳೆ ಏನನ್ನು ನೋಡಬೇಕು

ಒಟ್ಟು ನಿಖರತೆಯ ಅಂಕವನ್ನು ಪಕ್ಕಕ್ಕಿಡಿ. ನೂರರಲ್ಲಿ ನಾಲ್ಕು ಎಲೆಗಳಿಗಷ್ಟೇ ತಡ ಅಂಗಮಾರಿ ಇದ್ದರೆ, ಸದಾ ‘ಇಲ್ಲ’ ಎನ್ನುವ ಮಾದರಿಗೂ ಆ ಕಾಲಂನಲ್ಲಿ 96 ಅಂಕ. ಬದಲಿಗೆ ಖಾಲಿ ಕೋಶಗಳನ್ನು ಬಿಟ್ಟು ಪ್ರತಿ ರೋಗಕ್ಕೂ ಬೇರೆಯಾಗಿ `average_precision_score` ನೋಡಿ. ಅದಕ್ಕೆ ಮಿತಿಯ ಅಗತ್ಯವಿಲ್ಲ, ರೋಗವಿರುವ ಎಲೆಗಳನ್ನು ಮಾದರಿ ಪಟ್ಟಿಯ ಮೇಲಕ್ಕೆ ತರುತ್ತಿದೆಯೇ ಎಂಬುದನ್ನಷ್ಟೇ ಅಳೆಯುತ್ತದೆ. ಆ ರೋಗದ ಪ್ರಮಾಣ 0.04 ಇದ್ದು, ಈ ಅಂಕವೂ 0.04ರ ಹತ್ತಿರವೇ ಇದ್ದರೆ ಮಾದರಿ ಏನೂ ಕಲಿತಿಲ್ಲ. ಅಂಥ ಮಾದರಿಯನ್ನು ಯಾವ ಮಿತಿಯೂ ಉಳಿಸಲಾರದು. ಹಂತ 1ಕ್ಕೆ ಹಿಂದಿರುಗಿ.

ಅಪರೂಪದ ರೋಗಕ್ಕೆ `pos_weight`, ಅಂದರೆ ಇರುವ ರೋಗದ ದಂಡವನ್ನು ಅಷ್ಟು ಪಟ್ಟು ಹೆಚ್ಚಿಸುವ ತೂಕ, ಹಾಕುವ ರೂಢಿಯಿದೆ. ನೂರರಲ್ಲಿ ನಾಲ್ಕು ಎಂದರೆ 96/4, ಅಂದರೆ 24. ಇದರಿಂದ ಏನಾಗುತ್ತದೆ ಎಂದು ತಿಳಿದು ಹಾಕಿ. 24ರ ತೂಕ ಕೊಟ್ಟರೆ ಮಾದರಿಯ ಲಾಜಿಟ್‌ಗಳು ಹೆಚ್ಚುಕಡಿಮೆ ln 24, ಅಂದರೆ 3.2ರಷ್ಟು ಮೇಲಕ್ಕೆ ಸರಿಯುತ್ತವೆ. ನಿಜವಾದ ಸಂಭವ 0.04 ಇರುವ ಎಲೆಗೂ ಅದು 0.5 ಎನ್ನುತ್ತದೆ. ಮಿತಿಯನ್ನು ಕೆಳಗಿಳಿಸುವ ಕೆಲಸವನ್ನೇ ಇದು ಬಳಸುದಾರಿಯಲ್ಲಿ ಮಾಡಿದೆ, ಜೊತೆಗೆ ಅಂಕವನ್ನು ಸಂಭವವೆಂದು ಓದುವ ಅನುಕೂಲವನ್ನೂ ಕಳೆದಿದೆ. ನನ್ನ ಸಲಹೆ: ಮೊದಲು ತೂಕವಿಲ್ಲದೆ ತರಬೇತಿ ಕೊಡಿ, ಅಸಮತೋಲನವನ್ನು ಮಿತಿಯಲ್ಲಿ ನಿಭಾಯಿಸಿ. ತೂಕವಿಲ್ಲದೆ ಆ ರೋಗದ ಅಂಕ ಏಳುವುದೇ ಇಲ್ಲ ಎಂದಾದರೆ ಮಾತ್ರ 3 ಅಥವಾ 5ರಂಥ ಸಣ್ಣ ತೂಕ ಪ್ರಯತ್ನಿಸಿ.

## ಹಂತ 6: ಪ್ರತಿ ರೋಗಕ್ಕೂ ಮಿತಿ ಆರಿಸುವುದು

ತರಬೇತಿ ಮುಗಿದಿದೆ, ಮಾದರಿಯನ್ನು ಇನ್ನು ಮುಟ್ಟುವುದಿಲ್ಲ. ಮೌಲ್ಯಮಾಪನ ಭಾಗದ ಎಲ್ಲ ಚಿತ್ರಗಳಿಗೂ ಸಿಗ್ಮಾಯ್ಡ್ ಅಂಕ ತೆಗೆದು ಒಂದು ಕಡತದಲ್ಲಿ ಉಳಿಸಿ. ಮುಂದಿನ ಕೆಲಸವೆಲ್ಲ ಆ ಕಡತದ ಮೇಲೆ.

ಮೊದಲು ಕೇಳಬೇಕಾದ ಪ್ರಶ್ನೆ ಗಣಿತದ್ದಲ್ಲ, ತೋಟದ್ದು: ಈ ರೋಗವನ್ನು ಒಮ್ಮೆ ತಪ್ಪಿಸಿಕೊಂಡರೆ ಆಗುವ ನಷ್ಟಕ್ಕೆ ಎಷ್ಟು ಸುಳ್ಳು ಎಚ್ಚರಿಕೆಗಳು ಸಮ? ಇದನ್ನು ಬೆಳೆಗಾರರನ್ನೇ ಕೇಳಿ, ಪ್ರತಿ ರೋಗಕ್ಕೂ ಬೇರೆಯಾಗಿ ಕೇಳಿ. ತಡ ಅಂಗಮಾರಿ ಮೋಡ ಮುಸುಕಿ ಜಿನುಗುವ ತಂಪು ದಿನಗಳಲ್ಲಿ ಬಹುಬೇಗ ತೋಟವನ್ನೇ ಆವರಿಸುತ್ತದೆ. ಸುಳ್ಳು ಎಚ್ಚರಿಕೆ ಬಂದರೆ ಒಮ್ಮೆ ಬಗ್ಗಿ ಎಲೆ ಮಗುಚಿ ನೋಡಿದರೆ ಸಾಕು. ಹಾಗಾಗಿ ಒಂದಕ್ಕೆ ಹತ್ತು ಎನ್ನೋಣ. ಮುಟುರು ರೋಗದ ಲೆಕ್ಕ ತಿರುವುಮುರುವು. ಬಿಳಿ ನೊಣ ಹರಡುವ ಈ ನಂಜಿಗೆ ಔಷಧವಿಲ್ಲ. ರೋಗ ತಗುಲಿದ ಗಿಡವನ್ನು ಆರಂಭದಲ್ಲೇ ಕಿತ್ತು ನಾಶಮಾಡಿ ಎಂಬುದೇ ಸಲಹೆ. ಮಾದರಿಯ ಮಾತು ನಂಬಿ ಒಳ್ಳೆಯ ಗಿಡ ಕಿತ್ತರೆ ಹೋದದ್ದು ಹೋಯಿತು. ಇಲ್ಲಿ ಸುಳ್ಳು ಎಚ್ಚರಿಕೆಯೇ ದುಬಾರಿ, ಮಿತಿ 0.5ಕ್ಕಿಂತ ಮೇಲೆಯೇ ಇರಬೇಕಾಗಬಹುದು. ಒಂದೇ ಮಾದರಿಯ ಎರಡು ಕಾಲಂಗಳಿಗೆ ಮಿತಿ ಎರಡು ದಿಕ್ಕಿಗೆ ಹೋಗುವುದು ಹೀಗೆ.

ಈಗ ತಡ ಅಂಗಮಾರಿಯನ್ನು ಪೂರ್ತಿ ಮಾಡಿ ನೋಡೋಣ. ಅಂಕಿಗಳು ವಿವರಣೆಗಾಗಿ ನಾನೇ ಇಟ್ಟವು: ಮೌಲ್ಯಮಾಪನದಲ್ಲಿ 300 ಚಿತ್ರ, ಅವುಗಳಲ್ಲಿ 20ರಲ್ಲಿ ರೋಗ. ತಪ್ಪಿಹೋದ ಪ್ರತಿಯೊಂದಕ್ಕೆ ವೆಚ್ಚ 10, ಸುಳ್ಳು ಎಚ್ಚರಿಕೆಗೆ 1. ಕೊನೆಯ ಕಾಲಂನ ಎಫ್1 ಎಂದರೆ ಹಿಡಿದದ್ದನ್ನು ಎರಡೂ ಬಗೆಯ ತಪ್ಪುಗಳ ಜೊತೆ ತೂಗುವ ಅಂಕ, ಒಂದೂ ತಪ್ಪಿಲ್ಲದಿದ್ದರೆ 1.

| ಮಿತಿ | ಹಿಡಿದದ್ದು | ತಪ್ಪಿದ್ದು | ಸುಳ್ಳು ಎಚ್ಚರಿಕೆ | ವೆಚ್ಚ | ಎಫ್1 |
|---|---|---|---|---|---|
| 0.5 | 9 | 11 | 2 | 112 | 0.58 |
| 0.3 | 14 | 6 | 6 | 66 | 0.70 |
| 0.2 | 17 | 3 | 11 | 41 | 0.71 |
| 0.1 | 19 | 1 | 34 | 44 | 0.52 |

0.5ರಲ್ಲಿ ಸುಳ್ಳು ಎಚ್ಚರಿಕೆ ಎರಡೇ. ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ರೋಗ ಕೈತಪ್ಪಿದೆ. 0.2ಕ್ಕೆ ಇಳಿಸಿದರೆ ವೆಚ್ಚ ಮೂರರಲ್ಲಿ ಒಂದು ಭಾಗಕ್ಕೆ ಬರುತ್ತದೆ. ಮಾದರಿಯೊಳಗೆ ಏನೂ ಬದಲಾಗಿಲ್ಲ ಎಂಬುದನ್ನು ಗಮನಿಸಿ.

ಕೊನೆಯ ಎರಡು ಸಾಲುಗಳನ್ನು ನಿಧಾನವಾಗಿ ನೋಡಿ. ವೆಚ್ಚದಲ್ಲಿ ಅಂತರ ಮೂರೇ. ಬೆಳೆಗಾರರು ‘ಹತ್ತಲ್ಲ, ಹದಿನೈದು’ ಎಂದಿದ್ದರೆ 0.2ರ ವೆಚ್ಚ 56, 0.1ರದು 49 ಆಗಿ ಆಯ್ಕೆ ತಲೆಕೆಳಗಾಗುತ್ತಿತ್ತು. ಇಪ್ಪತ್ತೇ ರೋಗದೆಲೆಗಳನ್ನು ನೋಡಿ 0.17 ಎಂದೋ 0.23 ಎಂದೋ ಎರಡನೆಯ ದಶಮಾಂಶದವರೆಗೆ ಹಟ ಹಿಡಿಯುವುದು ಅರ್ಥಹೀನ. ಒಂದು ಎಲೆ ಆಚೀಚೆ ಆದರೆ ಆ ಅಂಕ ಜಿಗಿಯುತ್ತದೆ. ವೆಚ್ಚ ಹೆಚ್ಚುಕಡಿಮೆ ಸಮವಾಗಿರುವ ಹರವು ಸಿಕ್ಕಿದರೆ ಅದರ ನಡುವಿನ ದುಂಡು ಬೆಲೆಯನ್ನೇ ಇಟ್ಟುಕೊಳ್ಳಿ.

ಹುಡುಕುವ ಕೋಡ್ ಚಿಕ್ಕದು. ವೆಚ್ಚದ ಇಡೀ ಪಟ್ಟಿಯನ್ನೇ ಹಿಂದಿರುಗಿಸಿ, ಚಿತ್ರ ಬಿಡಿಸಿ ನೋಡಿ:

```python
import numpy as np

def cost_curve(p, y, c_miss, c_false):
    out = []
    for t in np.arange(0.02, 0.99, 0.02):
        miss = ((p < t) & (y == 1)).sum()
        false = ((p >= t) & (y == 0)).sum()
        out.append((t, c_miss * miss + c_false * false))
    return np.array(out)

curve = cost_curve(p[:, 1], y[:, 1], 10, 1)   # 1 = ತಡ ಅಂಗಮಾರಿ
```

ಖಾಲಿ ಕೋಶಗಳು 1ಕ್ಕೂ ಸಮವಲ್ಲ, 0ಗೂ ಸಮವಲ್ಲ. ಆದ್ದರಿಂದ ಅವು ಇಲ್ಲಿ ತಾವಾಗಿಯೇ ಹೊರಗುಳಿಯುತ್ತವೆ.

ಅಂಕಗಳು ನಿಜವಾದ ಸಂಭವಗಳೇ ಆಗಿದ್ದರೆ ಹುಡುಕುವ ಅಗತ್ಯವೂ ಇಲ್ಲ. ಸೂಕ್ತ ಮಿತಿ `c_false / (c_false + c_miss)`. ನಮ್ಮ ವೆಚ್ಚಕ್ಕೆ 1/11, ಅಂದರೆ 0.09. ಹುಡುಕಿ ಸಿಕ್ಕಿದ್ದು ಇದರ ಆಸುಪಾಸಿನಲ್ಲಿದ್ದರೆ ಸಮಾಧಾನ. ಸೂತ್ರ 0.09 ಎಂದು, ಹುಡುಕಾಟ 0.6 ಎಂದರೆ ಅಂಕಗಳು ಸಂಭವಗಳಲ್ಲ ಎಂದರ್ಥ. ಬಹುಮಟ್ಟಿಗೆ ದೊಡ್ಡ `pos_weight` ಎಲ್ಲೋ ಉಳಿದಿರುತ್ತದೆ.

ವೆಚ್ಚ ಹೇಳುವವರೇ ಸಿಗದಿದ್ದರೆ ಎಫ್1 ಅನ್ನು ಗರಿಷ್ಠಗೊಳಿಸುವ ಮಿತಿಯನ್ನು ಬಳಸಬಹುದು. ರಂಗೋಲಿ ಹುಳುವಿನಂತೆ ಹೇರಳವಾಗಿ ಸಿಗುವ, ಎರಡೂ ಬಗೆಯ ತಪ್ಪುಗಳು ಹೆಚ್ಚುಕಡಿಮೆ ಸಮವಾಗಿರುವ ಕಾಲಂಗೆ ಅದೇ ಸಾಕು. ಅಂಕಗಳು ನಂಬಬಹುದಾದ ಸಂಭವಗಳಾಗಿದ್ದರೆ ಎಫ್1ಗೆ ಸೂಕ್ತವಾದ ಮಿತಿ ಆ ಗರಿಷ್ಠ ಎಫ್1ನ ಅರ್ಧದ ಹತ್ತಿರ ಬರುತ್ತದೆ, 0.5 ಅನ್ನು ಮೀರುವುದಿಲ್ಲ. ಮಿತಿ ಹುಡುಕಾಟದ ಕೆಳತುದಿಗೇ ಬಂದು ಕೂತು ಬಹುತೇಕ ಎಲ್ಲ ಎಲೆಗೂ ‘ಇದೆ’ ಎನ್ನುತ್ತಿದ್ದರೆ, ಆ ಕಾಲಂನಲ್ಲಿ ಮಾದರಿ ಖಾಲಿ ಕೈ ಎಂದು ತಿಳಿಯಿರಿ.

ರೋಗದೆಲೆಗಳು ಹತ್ತಕ್ಕಿಂತಲೂ ಕಡಿಮೆಯಿದ್ದರೆ ಮೇಲಿನ ಪಟ್ಟಿಯನ್ನು ನಂಬಬೇಡಿ. ತರಬೇತಿ ಮತ್ತು ಮೌಲ್ಯಮಾಪನ ಭಾಗಗಳನ್ನು ಒಟ್ಟುಗೂಡಿಸಿ ತೋಟವಾರು ಐದು ಗುಂಪು ಮಾಡಿ. ನಾಲ್ಕರಲ್ಲಿ ಕಲಿತು ಐದನೆಯದಕ್ಕೆ ಅಂಕ ಹಾಕುವುದನ್ನು ಐದು ಸಲ ಮಾಡಿದರೆ, ಪ್ರತಿ ಚಿತ್ರಕ್ಕೂ ಅದನ್ನು ನೋಡಿರದ ಮಾದರಿಯ ಅಂಕ ಸಿಗುತ್ತದೆ. ಆ ಎಲ್ಲ ಅಂಕಗಳನ್ನು ಸೇರಿಸಿ ಮಿತಿ ಆರಿಸಿ. ಅದಕ್ಕೂ ಎಲೆಗಳು ಸಾಲದಿದ್ದರೆ ವೆಚ್ಚದ ಸೂತ್ರದಿಂದ ಬಂದ ಮಿತಿಯನ್ನೇ ಇಡುವುದು ಹೆಚ್ಚು ಸುರಕ್ಷಿತ.

## ಹಂತ 7: ಅಂತಿಮ ಪರೀಕ್ಷೆ ಒಂದೇ ಸಲ

ನಾಲ್ಕು ಮಿತಿಗಳನ್ನೂ ಬರೆದಿಟ್ಟ ಮೇಲೆ ಪರೀಕ್ಷಾ ಭಾಗವನ್ನು ತೆರೆಯಿರಿ.

```python
thr = np.array([0.35, 0.20, 0.40, 0.70])
pred = (p_test >= thr).astype(int)
```

ಕಾಲಂಗಳ ಕ್ರಮ ತರಬೇತಿಯಲ್ಲಿದ್ದದ್ದೇ ಆಗಿರಬೇಕು. ಕ್ರಮ ಬದಲಾದರೆ ಮುಟುರು ರೋಗದ ಮಿತಿ ರಂಗೋಲಿಗೆ ಬಿದ್ದು, ಯಾವ ಸಂದೇಶವೂ ಇಲ್ಲದೆ ಫಲಿತಾಂಶ ಕೆಡುತ್ತದೆ. ಪ್ರತಿ ರೋಗಕ್ಕೂ ಹಿಡಿದದ್ದು, ತಪ್ಪಿದ್ದು, ಸುಳ್ಳು ಎಚ್ಚರಿಕೆ ಎಷ್ಟೆಂದು ಬೇರೆಯಾಗಿ ವರದಿ ಮಾಡಿ. ಮೌಲ್ಯಮಾಪನಕ್ಕಿಂತ ಅಂಕ ಸ್ವಲ್ಪ ಇಳಿಯುವುದು ಸಹಜ, ಮಿತಿಯನ್ನು ಅಲ್ಲಿಗೆ ಹೊಂದಿಸಿಯೇ ಆರಿಸಿದ್ದೆವಲ್ಲ. ಬಹಳ ಕುಸಿದರೆ ಹಂತ 2ರ ಹಂಚಿಕೆಯನ್ನು ಶಂಕಿಸಿ. ಪರೀಕ್ಷಾ ಅಂಕ ನೋಡಿ ಮಿತಿಯನ್ನು ತುಸು ಜಾರಿಸಿ ಮತ್ತೆ ಅಳೆದರೆ, ಆ ಭಾಗ ಪರೀಕ್ಷೆಯಾಗಿ ಉಳಿಯುವುದಿಲ್ಲ.

## ಹಂತ 8: ತೋಟಕ್ಕೆ ಹೋದ ಮೇಲೆ

ಬೇಸಿಗೆಯಲ್ಲಿ ತೆಗೆದ ಚಿತ್ರಗಳಲ್ಲಿ ತಡ ಅಂಗಮಾರಿ ಅಪರೂಪ. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಹಾಗಿರುವುದಿಲ್ಲ. ರೋಗದ ಪ್ರಮಾಣ ಬದಲಾದಾಗ ಮಾದರಿಯ ಅಂಕದ ಅರ್ಥವೂ ಬದಲಾಗುತ್ತದೆ: ರೋಗ ಹೆಚ್ಚಿದ ದಿನಗಳಲ್ಲಿ ಅದೇ 0.15 ಅಂಕದ ಹಿಂದೆ ನಿಜವಾದ ರೋಗವಿರುವ ಸಂಭವ ಹೆಚ್ಚು. ಹಾಗಾಗಿ ಪ್ರತಿ ಹಂಗಾಮಿಗೂ ಹೊಸ ಚಿತ್ರಗಳಿಗೆ ಲೇಬಲ್ ಹಾಕಿಸಿ ಹಂತ 6 ಒಂದನ್ನೇ ಮತ್ತೆ ಮಾಡಿ. ಮರು ತರಬೇತಿಯ ಅಗತ್ಯವಿರುವುದಿಲ್ಲ, ಅಂಕ ತೆಗೆದು ಪಟ್ಟಿ ಹಾಕಿದರೆ ಸಾಕು.

ಹೊಸ ಲೇಬಲ್‌ಗಾಗಿ ‘ಇದೆ’ ಎಂದ ಎಲೆಗಳನ್ನಷ್ಟೇ ಆರಿಸಬೇಡಿ. ಹಾಗೆ ಮಾಡಿದರೆ ತಪ್ಪಿಹೋದವು ಎಂದೂ ಲೆಕ್ಕಕ್ಕೆ ಬರುವುದಿಲ್ಲ, ಮಿತಿ ಸರಿಯಿದೆ ಎಂಬ ಭ್ರಮೆ ಉಳಿಯುತ್ತದೆ. ಮಿತಿಗಿಂತ ಕೆಳಗಿನ ಅಂಕ ಬಂದ ಎಲೆಗಳಲ್ಲೂ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ತಜ್ಞರಿಗೆ ತೋರಿಸಿ. ಎರಡೂ ಗುಂಪುಗಳಿಂದ ಎಷ್ಟರಲ್ಲಿ ಎಷ್ಟನ್ನು ಆರಿಸಿದಿರಿ ಎಂಬುದನ್ನು ಬರೆದಿಟ್ಟು, ವೆಚ್ಚ ಲೆಕ್ಕ ಹಾಕುವಾಗ ಅದೇ ಪ್ರಮಾಣದಲ್ಲಿ ಹಿಗ್ಗಿಸಿ. ಕೆಳಗಿನವುಗಳಲ್ಲಿ ಹತ್ತಕ್ಕೊಂದನ್ನು ಮಾತ್ರ ನೋಡಿದ್ದರೆ, ಅಲ್ಲಿ ಸಿಕ್ಕ ಒಂದು ತಪ್ಪು ಹತ್ತು ತಪ್ಪುಗಳಿಗೆ ಸಮ.

ನಾಲ್ಕು ಮಿತಿಗಳು, ಕಾಲಂಗಳ ಕ್ರಮ, ಬಳಸಿದ ವೆಚ್ಚ, ಯಾವ ಹಂಗಾಮಿನ ಚಿತ್ರ ಎಂಬುದೆಲ್ಲವನ್ನೂ ಮಾದರಿಯ ಕಡತದ ಪಕ್ಕದಲ್ಲೇ ಒಂದು ಸಣ್ಣ ಕಡತವಾಗಿ ಉಳಿಸಿ. ಮಾದರಿಗೆ ಮತ್ತೆ ತರಬೇತಿ ಕೊಟ್ಟ ದಿನ ಹಳೆಯ ಮಿತಿಗಳನ್ನು ಅಳಿಸಿ, ಹೊಸದಾಗಿ ಆರಿಸಿ. ಹೊಸ ಮಾದರಿಯ 0.20 ಹಳೆಯದರ 0.20 ಆಗಿರಬೇಕೆಂದೇನೂ ಇಲ್ಲ.